ಒತ್ತಿದರೂ ತೆರೆಯದ ಕೊಂಡಿ

ಅಂತರಜಾಲದ ಒಂದು ಪುಟದಿಂದ ಮತ್ತೊಂದಕ್ಕೆ ನಮ್ಮನ್ನು ಕೊಂಡೊಯ್ಯುವ ವಿಳಾಸವನ್ನು ಕೊಂಡಿ ಅಥವಾ ಲಿಂಕ್ ಎನ್ನುತ್ತಾರೆ. ಬೆರಳು ಸೋಕಿದೊಡನೆ ಪುಟ ತೆರೆಯುವುದೇ ಅದರ ಗುಣ. ಆದರೆ 2010ರಲ್ಲಿ ಆರಂಭವಾದ ಇನ್‌ಸ್ಟಾಗ್ರಾಂನಲ್ಲಿ, ಚಿತ್ರದ ಕೆಳಗಿನ ಬರಹದಲ್ಲಿ ಇಟ್ಟ ವಿಳಾಸವು ಸಾಮಾನ್ಯ ಖಾತೆಗಳಲ್ಲಿ ಬರಿಯ ಅಕ್ಷರಗಳ ಸಾಲಾಗಿಯೇ ಉಳಿಯುತ್ತದೆ.

ಊರಿನ ಯುವಕರ ಸಂಘವೊಂದು ಭಾನುವಾರ ರಕ್ತದಾನ ಶಿಬಿರವನ್ನು ಏರ್ಪಡಿಸಿದೆ ಎಂದುಕೊಳ್ಳಿ. ದಾನಿಗಳು ಶುಕ್ರವಾರದೊಳಗೆ ಹೆಸರು ನೋಂದಾಯಿಸಬೇಕು. ಸಂಘದವರು ನೋಂದಣಿ ಪತ್ರದ ವಿಳಾಸವನ್ನು ಚಿತ್ರದ ಕೆಳಗೆ ಬರೆದರು. ನೋಡಿದವರು ಒತ್ತಿದರು, ಏನೂ ತೆರೆಯಲಿಲ್ಲ. ಕೆಲವರು ನೋಡಿಕೊಂಡು ಟೈಪ್ ಮಾಡಿದರು. ಇಂಥ ವಿಳಾಸದ ಕೊನೆಯ ಭಾಗದಲ್ಲಿ ಇಂಗ್ಲಿಷಿನ ದೊಡ್ಡ ಅಕ್ಷರಕ್ಕೂ ಚಿಕ್ಕ ಅಕ್ಷರಕ್ಕೂ ಭೇದವಿರುವುದುಂಟು. ಸೊನ್ನೆಯನ್ನು O ಎಂದು ಓದಿದರೂ ಕೆಟ್ಟಿತು. ಹೀಗೆ ರಕ್ತ ಕೊಡಲು ಮನಸ್ಸಿದ್ದವರೂ ಹಿಂದಿರುಗಿದರು.

ಇದಕ್ಕೆ ಹಳೆಯ ಉಪಾಯವೆಂದರೆ ಖಾತೆಯ ಪರಿಚಯ ಭಾಗ, ಅಂದರೆ ಬಯೋ. ಅಲ್ಲಿಟ್ಟ ಕೊಂಡಿ ಒತ್ತಿದರೆ ತೆರೆಯುತ್ತದೆ. ಮೊದಲು ಅಲ್ಲಿ ಒಂದೇ ಕೊಂಡಿಗೆ ಸ್ಥಳವಿತ್ತು. 2023ರಿಂದ ಐದರವರೆಗೆ ಇಡಬಹುದು. Edit profile ಒತ್ತಿ, Links ಎಂಬಲ್ಲಿ ವಿಳಾಸವನ್ನು ಸೇರಿಸಿ, ಅದಕ್ಕೆ ‘ರಕ್ತದಾನ ನೋಂದಣಿ’ ಎಂಬ ಹೆಸರನ್ನೂ ಕೊಡಬೇಕು. ಕೊಂಡಿಗಳು ಹಲವಿದ್ದಾಗ ಮೊದಲನೆಯದು ಮಾತ್ರ ಎದ್ದು ಕಾಣುವುದರಿಂದ, ಅವಸರದ ಕೊಂಡಿಯೇ ಮೇಲಿರಲಿ. ಚಿತ್ರದ ಕೆಳಗೆ ‘ಬಯೋದಲ್ಲಿ ಕೊಂಡಿ ಇದೆ’ ಎಂದಷ್ಟೇ ಬರೆದರೆ ಸಾಲದು. ಮುಂದಿನ ತಿಂಗಳು ಬಯೋದಲ್ಲಿ ನಾಟಕದ ಕೊಂಡಿ ಬಂದಾಗ, ಹಳೆಯ ಚಿತ್ರವನ್ನು ಕಂಡವನು ನಾಟಕದ ಪುಟಕ್ಕೆ ಹೋಗಿ ಬೆಪ್ಪಾಗುತ್ತಾನೆ. ಆದ್ದರಿಂದ ಕೊಂಡಿಯ ಹೆಸರನ್ನೂ ಕೊನೆಯ ದಿನಾಂಕವನ್ನೂ ಬರೆಯುವುದು ಲೇಸು.

ಎರಡನೆಯ ಉಪಾಯ ಸ್ಟೋರಿ. ಅದರಲ್ಲಿ ಕೊಂಡಿ ಇಡುವ ಅವಕಾಶ ಹಿಂದೆ ಹೆಚ್ಚು ಅನುಯಾಯಿಗಳುಳ್ಳ ಅಥವಾ ದೃಢೀಕೃತ ಖಾತೆಗಳಿಗೆ ಮೀಸಲಾಗಿತ್ತು; 2021ರ ಅಕ್ಟೋಬರಿನಲ್ಲಿ ಎಲ್ಲರಿಗೂ ದೊರೆಯಿತು. ಚಿತ್ರವನ್ನು ಆರಿಸಿ, ಸ್ಟಿಕರುಗಳ ನಡುವೆ Link ಎಂಬುದನ್ನು ಒತ್ತಿ, ವಿಳಾಸವನ್ನು ಅಂಟಿಸಿದರೆ ಆಯಿತು. ಆದರೆ ಸ್ಟೋರಿಯ ಆಯುಸ್ಸು 24 ಗಂಟೆ. ಬುಧವಾರ ಹಾಕಿದ್ದು ಗುರುವಾರ ಮಾಯವಾಗುತ್ತದೆ. ಅದನ್ನು Highlight ಆಗಿ ಉಳಿಸಿದರೆ ಖಾತೆಯ ಪುಟದಲ್ಲಿ ನಿಲ್ಲುತ್ತದೆ. ಶಿಬಿರ ಮುಗಿದ ಮೇಲೆ ತೆಗೆಯಲು ಮರೆಯಬಾರದು.

ಮೇಲ್ಭಾಗದಲ್ಲಿ ಪಿನ್ ಮಾಡಿದ ಕಾಮೆಂಟಿನ ಬಗ್ಗೆ ಒಂದು ಭ್ರಮೆಯಿದೆ. ಯೂಟ್ಯೂಬಿನ ಸಾಮಾನ್ಯ ವೀಡಿಯೊದ ಕೆಳಗೆ ಅಂಥ ಕಾಮೆಂಟಿನ ಕೊಂಡಿ ತೆರೆಯುತ್ತದೆ. ಅಲ್ಲಿಯೇ ಶಾರ್ಟ್ಸ್ ಎಂಬ ಕಿರುವೀಡಿಯೊಗಳಲ್ಲಿ, ಮೋಸದ ಕೊಂಡಿಗಳ ಹಾವಳಿಯಿಂದಾಗಿ, 2023ರ ಆಗಸ್ಟ್ ಕೊನೆಯಿಂದ ತೆರೆಯುವುದಿಲ್ಲ. ಇನ್‌ಸ್ಟಾಗ್ರಾಂನಲ್ಲಿಯೂ ಕಾಮೆಂಟಿನ ವಿಳಾಸ ಬರಿಯ ಅಕ್ಷರವೇ. ಅಲ್ಲಿ ಪಿನ್ ಮಾಡುವುದಾದರೆ, ‘ಬಯೋದ ಮೊದಲ ಕೊಂಡಿಯನ್ನು ಒತ್ತಿರಿ’ ಎಂಬ ದಾರಿ ತೋರುವ ಮಾತನ್ನೇ ಪಿನ್ ಮಾಡಬೇಕು.

ಎಲ್ಲವನ್ನೂ ಹಾಕಿದ ಬಳಿಕ ಸಂಘದವರು ತಮ್ಮದಲ್ಲದ ಖಾತೆಯಿಂದ, ಬೇರೊಬ್ಬರ ಫೋನಿನಲ್ಲಿ ಒತ್ತಿ ನೋಡಲಿ. ನೋಂದಣಿ ಪತ್ರದ ಬದಲು ‘ಅನುಮತಿ ಬೇಕು’ ಎಂಬ ಪುಟ ಬಂದರೆ, ಕೊಂಡಿ ಸರಿಯಾಗಿದೆ, ಪತ್ರವನ್ನು ಎಲ್ಲರಿಗೂ ತೆರೆದಿಟ್ಟಿಲ್ಲ ಎಂದು ತಿಳಿಯಬೇಕು.