ಇಸ್ತ್ರಿಪೆಟ್ಟಿಗೆ ಬೇಡ, ಅಮ್ಮ

ಪರಿಚಯದ ಗುಮಾಸ್ತರೊಬ್ಬರು ಒಂದು ಸಣ್ಣ ಪತ್ರಾಗಾರದಲ್ಲಿದ್ದಾರೆ. ಎರಡು ಕೋಣೆ, ನಾಲ್ಕಾರು ಕಬ್ಬಿಣದ ಬೀರು, ಅಷ್ಟೇ ಅದರ ಸಂಸಾರ. ಮೊನ್ನೆ ಹೋದಾಗ ಅವರು ಒಂದು ಚೀಟಿಯನ್ನು ಮೂರನೇ ಸಲ ಹರಿದು ಹೊಸದಾಗಿ ಬರೆಯುತ್ತಿದ್ದರು. ದೂರದ ಊರಿನ ನಿವೃತ್ತ ಶಿಕ್ಷಕಿಯೊಬ್ಬರು ತಮ್ಮ ಮಾವನವರ ಹಳೆಯ ಕಾಗದಗಳನ್ನು ಪತ್ರಾಗಾರಕ್ಕೆ ಕೊಡಲು ಒಪ್ಪಿದ್ದರು. ಮೊದಲು ಫೋಟೊ ನೋಡಿ ಪಟ್ಟಿ ಮಾಡಿಕೊಳ್ಳಿ ಎಂದು ಹನ್ನೊಂದು ಕಾಗದಗಳ ಚಿತ್ರ ಕಳಿಸಿದ್ದರು. ಅವುಗಳಲ್ಲಿ ಅರ್ಧಕ್ಕರ್ಧ ಓದಲು ಬರುತ್ತಿರಲಿಲ್ಲ. ಕೊನೆಗೆ ಅಂಚೆಗೆ ಹೋದ ಒಕ್ಕಣೆ ಹೀಗಿತ್ತು:

‘ಪೂಜ್ಯ ಅಮ್ಮನವರಿಗೆ ನಮಸ್ಕಾರಗಳು. ಫೋಟೊಗಳು ತಲುಪಿದವು. ತಮ್ಮ ಮಾವನವರ ಅಕ್ಷರ ದುಂಡಗಿದೆ, ಓದಬೇಕೆಂಬ ಆಸೆಯಾಗುತ್ತದೆ. ಆ ಆಸೆಯಿಂದಲೇ ತಮಗೊಂದು ತೊಂದರೆ ಕೊಡುತ್ತಿದ್ದೇನೆ. ಮಡಿಕೆಯ ನೆರಳಿನಲ್ಲಿ ಕೆಲವು ಸಾಲುಗಳು ನಮಗೆ ಕಾಣುತ್ತಿಲ್ಲ. ಅನುಕೂಲವಾದಾಗ ಇನ್ನೊಮ್ಮೆ ತೆಗೆದು ಕಳಿಸಲಾದೀತೇ? ಕಾಗದವನ್ನು ಒತ್ತಿ ನೇರ ಮಾಡುವುದು ಬೇಡ, ಅದು ಇದ್ದ ಹಾಗೇ ಇರಲಿ. ಫೋನನ್ನು ಮಾತ್ರ ಅದರ ನೆತ್ತಿಯ ಮೇಲೆ ಸಮವಾಗಿ ಹಿಡಿಯಿರಿ. ಬಿಡಿಸಲು ಭಯವಾಗುವ ಕಾಗದವನ್ನು ಖಂಡಿತ ಬಿಡಿಸಬೇಡಿ.’

ಹರಿದು ಹಾಕಿದ ಎರಡು ಚೀಟಿಗಳಲ್ಲಿ ‘ಕಾಗದ ಚಪ್ಪಟೆಯಾಗಿರಲಿ’ ಎಂದಿತ್ತಂತೆ. ‘ಹಾಗೆ ಬರೆದರೆ ಇಸ್ತ್ರಿಪೆಟ್ಟಿಗೆ ತೆಗೀತಾರೆ ಸಾರ್’ ಎಂದರು. ನಗಬೇಡಿ, ಹಾಗೆ ಮಾಡಿದವರಿದ್ದಾರೆ. ಒದ್ದೆ ಬಟ್ಟೆ ಹಾಸಿ ಮೇಲೆ ಇಸ್ತ್ರಿ ಎಳೆದವರೂ ಉಂಟು. ಆ ಕಾಲದ ಮಸಿಗೆ ಅದು ವಿಷ. ಕಬ್ಬಿಣದ ಅಂಶವಿರುವ ನೀಲಿ-ಕಪ್ಪು ಮಸಿ ಎಂಬತ್ತು ವರ್ಷದಲ್ಲಿ ಕಂದಾಗಿ, ತನ್ನ ಆಮ್ಲದಿಂದ ಕಾಗದವನ್ನು ಒಳಗಿಂದಲೇ ಸುಟ್ಟಿರುತ್ತದೆ. ನೀರು ತಗುಲಿದರೆ ಆ ಆಮ್ಲ ಅಕ್ಷರದಿಂದ ಆಚೆಗೂ ಹರಿಯುತ್ತದೆ. ಕಾಪಿಯಿಂಗ್ ಪೆನ್ಸಿಲಿನಲ್ಲಿ ಬರೆದದ್ದಾದರೆ ಇನ್ನೂ ಕಷ್ಟ. ಒಣಗಿದ್ದಾಗ ಬೂದಿಬಣ್ಣವಿದ್ದ ಅಕ್ಷರ ಹನಿ ನೀರಿಗೆ ನೇರಳೆಯಾಗಿ ಹರಡಿಕೊಳ್ಳುತ್ತದೆ. ತಜ್ಞರು ಮಡಿಕೆ ಬಿಡಿಸುವ ರೀತಿಯೇ ಬೇರೆ. ಮುಚ್ಚಿದ ಪೆಟ್ಟಿಗೆಯಲ್ಲಿ, ನೀರು ಸೋಕದಂತೆ, ಬರೀ ತೇವದ ಗಾಳಿಯಲ್ಲಿ ಕಾಗದವನ್ನು ನಿಧಾನವಾಗಿ ಮೆತ್ತಗಾಗಿಸುತ್ತಾರೆ. ಆಮೇಲೆ ಒತ್ತುಕಾಗದದ ನಡುವೆ ಹಗುರ ಭಾರ ಇಡುತ್ತಾರೆ. ಮಸಿ ತಾಳುತ್ತದೋ ಇಲ್ಲವೋ ಎಂದು ಮೊದಲೇ ಪರೀಕ್ಷಿಸಿರುತ್ತಾರೆ. ಇದು ಅಡುಗೆಮನೆಯಲ್ಲಿ ಆಗುವ ಕೆಲಸವಲ್ಲ.

ಗಾಜು ಹೊದಿಸಿ ಒತ್ತಿದರೆ? ಅದೂ ಬೇಡವೆನ್ನುತ್ತಾರೆ ಅವರು. ಒಣಗಿದ ಹಪ್ಪಳದ ಮೇಲೆ ಕೈಯಿಟ್ಟ ಹಾಗೆ, ಉಬ್ಬಿದ ಮಡಿಕೆ ಗಾಜಿನ ಭಾರಕ್ಕೆ ಲಟಕ್ಕನೆ ಸೀಳುತ್ತದೆ. ಕಿಟಕಿಯ ಬೆಳಕು ಗಾಜಿನಲ್ಲಿ ಹೊಳೆದು ಅಕ್ಷರ ನುಂಗುವುದು ಬೇರೆ.

ಹಾಗಾದರೆ ಫೋಟೊದಲ್ಲಿ ಮಡಿಕೆಯ ನೆರಳು ಹೋಗುವುದು ಹೇಗೆ? ಆ ಏಳನೇ ಕಾಗದವನ್ನೇ ತೋರಿಸಿದರು. ಮೈಸೂರಿನಲ್ಲಿ ಓದುತ್ತಿದ್ದ ಮಗನಿಗೆ ಹಳ್ಳಿಯ ತಂದೆ ಬರೆದದ್ದು. ಮೂರು ಅಡ್ಡ ಮಡಿಕೆ. ಎರಡನೆಯ ಮಡಿಕೆಯ ಮೇಲೇ ಹಣದ ಮಾತು ಬರುತ್ತದೆ: ಕಳಿಸಿದ್ದು ‘೬೦’ ರೂಪಾಯಿಯೋ ‘೯೦’ ರೂಪಾಯಿಯೋ? ನೆರಳಿನಲ್ಲಿ ಅಂಕಿಯ ಬಾಲ ಮುಚ್ಚಿಹೋಗಿದೆ. ಕನ್ನಡದ ಕೈಬರಹದಲ್ಲಿ ಇದು ದಿನದ ಗೋಳು. ಸಾಲಿನ ಕೆಳಗೆ ನೇತಾಡುವ ಒತ್ತಕ್ಷರ ಮಡಿಕೆಗೆ ಸಿಕ್ಕಿದರೆ ‘ಕೊಟ್ಟ’ ಎನ್ನುವುದು ‘ಕೊಟ’ ಆಗಿ ನಿಲ್ಲುತ್ತದೆ.

ಈ ಫೋಟೊದಲ್ಲಿ ಬೆಳಕು ಮಡಿಕೆಗೆ ಅಡ್ಡಲಾಗಿ ಬಿದ್ದಿದೆ. ಬದುವಿಗೆ ಅಡ್ಡವಾಗಿ ಸಂಜೆ ಬಿಸಿಲು ಬಿದ್ದರೆ ಒಂದು ಮಗ್ಗುಲು ಕತ್ತಲಾಗುವಂತೆ, ಇಲ್ಲಿಯೂ ಆಗಿದೆ. ಕಾಗದವನ್ನು ಕಾಲು ಸುತ್ತು ತಿರುಗಿಸಿದರೆ ಬೆಳಕು ಮಡಿಕೆಯ ಉದ್ದಕ್ಕೇ ಹರಿದು ನೆರಳು ಬಹುಮಟ್ಟಿಗೆ ಕರಗುತ್ತದೆ. ಉದ್ದಕ್ಕೂ ಅಡ್ಡಕ್ಕೂ ಮಡಿಕೆಯಿದ್ದರೆ ಎರಡು ಫೋಟೊ ತೆಗೆಯುವುದು, ಒಂದು ಹೀಗೆ, ಒಂದು ತಿರುಗಿಸಿ. ನೇರ ಬಿಸಿಲು ಬೀಳದ ಕಿಟಕಿ ಸಾಕು. ಕಿಟಕಿಯ ಎದುರು ಬದಿಗೆ ಬಿಳಿ ರಟ್ಟು ನಿಲ್ಲಿಸಿದರೆ ಅದು ಬೆಳಕನ್ನು ಹಿಂದಿರುಗಿಸಿ ಉಳಿದ ನೆರಳನ್ನೂ ತೆಳ್ಳಗಾಗಿಸುತ್ತದೆ. ಫ್ಲ್ಯಾಶ್ ಬೇಡವೇ ಬೇಡ. ಕಾಗದದ ಕೆಳಗೆ ಹೊಳಪಿಲ್ಲದ ಕಪ್ಪು ಹಾಳೆ ಹಾಸಿದರೆ, ತೆಳು ಕಾಗದದಲ್ಲಿ ಹಿಂಬದಿಯ ಅಕ್ಷರ ಇಣುಕುವುದು ಕಡಿಮೆಯಾಗುತ್ತದೆ.

ಫೋನು ಓರೆಯಾಗಿದ್ದರೆ ಕಂಡುಹಿಡಿಯುವುದು ಸುಲಭ. ಚಿತ್ರದಲ್ಲಿ ಕಾಗದದ ಮೇಲಂಚು ಕೆಳಗಿನದಕ್ಕಿಂತ ಗಿಡ್ಡವಾಗಿ ಕಾಣುತ್ತದೆ, ಒಂದು ತುದಿ ಸ್ಪಷ್ಟ, ಇನ್ನೊಂದು ಮಸುಕು. ಸಮಾನ ಎತ್ತರದ ಎರಡು ಪುಸ್ತಕದ ಅಟ್ಟಿ, ಅವುಗಳ ಮೇಲೆ ಎರಡು ಮರದ ಸ್ಕೇಲು, ಸ್ಕೇಲುಗಳ ನಡುವೆ ಕ್ಯಾಮೆರಾ ಕೆಳಮುಖವಾಗಿರುವಂತೆ ಫೋನು. ಮೂರು ಸೆಕೆಂಡಿನ ಟೈಮರ್ ಇಟ್ಟರೆ ಬೆರಳು ತಾಗಿ ಅಲುಗುವುದೂ ಇಲ್ಲ. ಅಟ್ಟಿಯ ನೆರಳು ಕಾಗದದ ಮೇಲೆ ಬೀಳದಂತೆ ಕಿಟಕಿಯ ಕಡೆ ಮಾತ್ರ ತೆರೆದಿಡಬೇಕು.

ಇಷ್ಟು ಮಾಡಿದರೂ ಕೊನೆಯಲ್ಲಿ ಕೆಲಸ ಕೆಡಿಸುವುದು ಕಳಿಸುವ ದಾರಿ. ಹನ್ನೆರಡು ಮೆಗಾಪಿಕ್ಸೆಲ್ ಫೋನಿನ ಚಿತ್ರದ ಉದ್ದ ಸುಮಾರು 4000 ಚುಕ್ಕಿ. 13 ಇಂಚಿನ ಫುಲ್‌ಸ್ಕೇಪ್ ಹಾಳೆ ಆ ಉದ್ದವನ್ನು ತುಂಬಿದರೆ ಇಂಚಿಗೆ 300 ಚುಕ್ಕಿ ಸಿಗುತ್ತವೆ, ಒತ್ತಕ್ಷರ ಓದಲು ಸಾಕು. ಕಾಗದ ಚಿತ್ರದ ಅರ್ಧ ಮಾತ್ರ ಇದ್ದು, ಸುತ್ತ ಮೇಜು, ಚಹಾ ಲೋಟ ಕಂಡರೆ 150ಕ್ಕೆ ಇಳಿಯುತ್ತದೆ. ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೊವಾಗಿ ಕಳಿಸಿದರೆ ಉದ್ದ ಸುಮಾರು 1600 ಚುಕ್ಕಿಗೆ ಕುಗ್ಗಿ, ಇಂಚಿಗೆ 60ರ ಆಸುಪಾಸು ಉಳಿಯುತ್ತದೆ. ದೊಡ್ಡದು ಮಾಡಿ ನೋಡಿದರೆ ಅಕ್ಷರದ ಬದಲು ಚೌಕಗಳು. ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿದರೆ ಕುಗ್ಗುವುದಿಲ್ಲ. ಶಿಕ್ಷಕಿ ಕಳಿಸಿದ ಮೊದಲ ಚಿತ್ರಗಳಲ್ಲಿ ಕೆಲವಕ್ಕೆ ಸ್ಕ್ಯಾನ್ ಆ್ಯಪ್ ಕಪ್ಪು-ಬಿಳುಪು ಬಳಿದಿತ್ತು. ಅಕ್ಷರ ಎದ್ದು ಕಂಡಿತ್ತು, ನಿಜ. ಆದರೆ ಮದುವೆ ಕಾಗದದ ಮೂಲೆಗೆ ಹಚ್ಚಿದ ಅರಿಸಿನ ಮಾಯವಾಗಿತ್ತು, ತೆಳುವಾದ ಪೆನ್ಸಿಲ್ ಗೀಟುಗಳೂ ಹೋಗಿದ್ದವು.

ಗುಮಾಸ್ತರು ಚೀಟಿಯ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದರು: ‘ಮೇಲಿನ ತುದಿಯೂ ಲಕೋಟೆಯೂ ಚಿತ್ರದಲ್ಲಿರಲಿ.’ ನನಗೆ ಇದು ಎಲ್ಲಕ್ಕಿಂತ ಮುಖ್ಯವೆನಿಸಿತು. ಆ ತಂದೆ ಇಸವಿ ಹಾಕುತ್ತಿರಲಿಲ್ಲ. ಮೊದಲ ಸಾಲಿನಲ್ಲಿ ‘ಚಿತ್ರಭಾನು ಸಂವತ್ಸರ’ ಎಂದೂ ಮಾಸ, ತಿಥಿಯನ್ನೂ ಬರೆಯುತ್ತಿದ್ದರು. ಸುರುಳಿಯಾದ ಮೇಲಂಚು ಫೋಟೊದಲ್ಲಿ ಕತ್ತರಿಸಿ ಹೋದರೆ ಆ ಹೆಸರೇ ಹೋಯಿತು. ಹೆಸರು ಸಿಕ್ಕರೂ ಅದು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವಂಥದ್ದು. ಚಿತ್ರಭಾನು 1942-43ರಲ್ಲಿತ್ತು, 1882-83ರಲ್ಲೂ ಇತ್ತು, ಈಚೆಗೆ 2002-03ರಲ್ಲೂ ಬಂದುಹೋಯಿತು. ಯಾವುದೆಂದು ಹೇಳುವುದು ಲಕೋಟೆಯ ಅಂಚೆ ಮುದ್ರೆ. ಮುದ್ರೆಯ ಮಸಿ ಮಾಸಿ ಬರಿಯ ಒತ್ತಿದ ಗುರುತು ಉಳಿದಿದ್ದರೆ, ಆಗ ಮಾತ್ರ ನೆರಳು ಬೇಕು. ಟಾರ್ಚನ್ನು ಪಕ್ಕದಿಂದ ತಗ್ಗಿಸಿ ಹಿಡಿದರೆ ಗುಳಿಗಳು ಎದ್ದು ತೋರುತ್ತವೆ. ಇಷ್ಟು ಹೊತ್ತು ಓಡಿಸಿದ ನೆರಳನ್ನು ಇಲ್ಲಿ ಕರೆದು ಕೂರಿಸಬೇಕು.

ಹದಿನೈದು ದಿನದ ಮೇಲೆ ಹೊಸ ಫೋಟೊಗಳು ಬಂದವು. ಏಳನೆಯದರ ಅಂಕಿ ‘೬೦’. ಲಕೋಟೆಯ ಮುದ್ರೆಯಲ್ಲಿ ‘42’ ಕಾಣಿಸಿತು. ಹತ್ತು ಕಾಗದಗಳು ಎರಡೂ ಬದಿ ಬಂದಿದ್ದವು. ಒಂಬತ್ತನೆಯದು ಮಾತ್ರ ಮಡಿಸಿದ ಹಾಗೇ, ಹೊರಬದಿಯಷ್ಟೇ. ಜೊತೆಗೆ ಶಿಕ್ಷಕಿಯ ಎರಡು ಸಾಲು: ಮಡಿಕೆಯ ಮೂಲಕ ಆಚೆ ಬೆಳಕು ಕಾಣುತ್ತಿದೆ, ಬಿಡಿಸಲು ಕೈ ಬರಲಿಲ್ಲ. ಉದುರಿದ ಚೂರುಗಳನ್ನು ಬೇರೆ ಲಕೋಟೆಗೆ ಹಾಕಿ ಮೇಲೆ ‘೯’ ಎಂದು ಬರೆದಿಟ್ಟಿದ್ದೇನೆ.

‘ಬಿಡಿಸದೇ ಒಳ್ಳೇದು ಮಾಡಿದರು’ ಎನ್ನುತ್ತ ಗುಮಾಸ್ತರು ಪಟ್ಟಿಯಲ್ಲಿ ಒಂಬತ್ತರ ಮುಂದೆ ‘ಓದಿಲ್ಲ’ ಎಂದು ಬರೆದುಕೊಂಡರು.