ಮಾತ್ರೆ ನುಂಗಿದ್ದು ಎಷ್ಟು ಗಂಟೆಗೆ, ರಕ್ತ ಕೊಟ್ಟಿದ್ದು ಎಷ್ಟು ಗಂಟೆಗೆ?

ಹೃದಯದ ತೊಂದರೆಗೆ ಡಿಗಾಕ್ಸಿನ್ ತೆಗೆದುಕೊಳ್ಳುವ ಹಿರಿಯರೊಬ್ಬರು ಬೆಳಿಗ್ಗೆ 8ಕ್ಕೆ ಮಾತ್ರೆ ನುಂಗಿ, 9ಕ್ಕೆ ಲ್ಯಾಬಿನಲ್ಲಿ ರಕ್ತ ಕೊಟ್ಟರು ಎಂದುಕೊಳ್ಳಿ. ವರದಿಯಲ್ಲಿ 2.8 ನ್ಯಾನೊಗ್ರಾಂ ಎಂದಿದೆ. ಈ ಔಷಧಿ 2 ದಾಟಿದರೆ ವಿಷವಾಗುವ ಭಯ. ಆದರೆ ಅವರಿಗೆ ವಾಂತಿಯಿಲ್ಲ, ಕಣ್ಣಿಗೆ ಹಳದಿ ಕಾಣುತ್ತಿಲ್ಲ, ನಾಡಿಯೂ ಸರಿಯಾಗಿದೆ. ಯಂತ್ರ ತಪ್ಪು ಅಳೆದಿಲ್ಲ. ರಕ್ತ ತೆಗೆದ ಹೊತ್ತು ತಪ್ಪಿದೆ.

ಕೆಲವು ಔಷಧಿಗಳ ಲೆಕ್ಕಕ್ಕೆ ಇಡೀ ದೇಹವನ್ನು ಒಂದೇ ಕೋಣೆ ಎಂದುಕೊಂಡರೆ ಸಾಕು. ಜೆಂಟಾಮೈಸಿನ್ ಇಂಜೆಕ್ಷನ್ ಅಂಥದ್ದು. ರಕ್ತದಲ್ಲಿ 16 ಇದ್ದದ್ದು ಎರಡು ಗಂಟೆಗೆ 8, ಇನ್ನೆರಡು ಗಂಟೆಗೆ 4 ಆದರೆ, ಅದರ ಅರ್ಧಾಯುಷ್ಯ ಎರಡು ಗಂಟೆ. ಸಾಮಾನ್ಯ ಗ್ರಾಫ್ ಹಾಳೆಯಲ್ಲಿ ಇದು ಬಾಗಿದ ಗೆರೆಯಾಗುತ್ತದೆ. ಸೆಮಿಲಾಗ್ ಹಾಳೆಯಲ್ಲಿ 16ರಿಂದ 8ಕ್ಕೂ 8ರಿಂದ 4ಕ್ಕೂ ಅಂತರ ಒಂದೇ ಆದ್ದರಿಂದ ಗೆರೆ ನೇರವಾಗಿ ಇಳಿಯುತ್ತದೆ.

ಡಿಗಾಕ್ಸಿನ್ ಹಾಗಲ್ಲ. ಅದಕ್ಕೆ ಎರಡು ಕೋಣೆ ಬೇಕು: ರಕ್ತ ಮತ್ತು ರಕ್ತ ಧಾರಾಳವಾಗಿ ಹರಿಯುವ ಅಂಗಗಳು ಒಂದು, ಔಷಧಿ ನಿಧಾನವಾಗಿ ಸೇರಿ ಅಂಟಿಕೊಳ್ಳುವ ಸ್ನಾಯುಗಳು ಇನ್ನೊಂದು. ಲೆಕ್ಕದ ಮಟ್ಟಿಗೆ ಹೃದಯದ ಸ್ನಾಯುವೂ ಈ ಎರಡನೆಯದಕ್ಕೇ ಸೇರುತ್ತದೆ.

ನರಕ್ಕೆ 500 ಮೈಕ್ರೊಗ್ರಾಂ ಕೊಟ್ಟ ಉದಾಹರಣೆ ನೋಡೋಣ. ಮೊದಲ ಕೋಣೆ 50 ಲೀಟರಿನದಾದರೆ ಆರಂಭದ ಮಟ್ಟ 10. ಮೊದಲ ಆರೆಂಟು ಗಂಟೆ ಗೆರೆ ಕಡಿದಾಗಿ ಇಳಿಯುತ್ತದೆ. ಆ ಔಷಧಿಯಲ್ಲಿ ಹೆಚ್ಚಿನದು ದೇಹ ಬಿಟ್ಟು ಹೋಗಿರುವುದಿಲ್ಲ, ಸ್ನಾಯುಗಳಿಗೆ ದಾಟಿರುತ್ತದೆ. ಆಮೇಲೆ ಗೆರೆ ಮೊಣಕೈಯಂತೆ ಮಡಚಿ, ಓರೆ ಕಡಿಮೆಯಾಗಿ ನೇರ ಸಾಗುತ್ತದೆ. ಅರ್ಧಾಯುಷ್ಯವನ್ನು ಈ ಎರಡನೇ ಭಾಗದಲ್ಲೇ ಓದಬೇಕು. 12ನೇ ಗಂಟೆಗೆ 1.0, 48ನೇ ಗಂಟೆಗೆ 0.5 ಇದ್ದರೆ ಅದು 36 ಗಂಟೆ. ಕಡಿದಾದ ಭಾಗದಲ್ಲಿ ಅಳೆದರೆ ಔಷಧಿ ಬೇಗ ಹೋಗುತ್ತದೆಂಬ ಭ್ರಮೆ ಹುಟ್ಟುತ್ತದೆ. ಮೂತ್ರಪಿಂಡ ಸೋತವರಲ್ಲಿ ಈ ಎರಡನೇ ಭಾಗ ಇನ್ನಷ್ಟು ಚಪ್ಪಟೆಯಾಗುತ್ತದೆ.

ಅದೇ ನೇರ ಗೆರೆಯನ್ನು ಹಿಂದಕ್ಕೆ ಎಳೆದರೆ ಶೂನ್ಯ ಗಂಟೆಯಲ್ಲಿ ಸುಮಾರು 1.26 ಸಿಗುತ್ತದೆ. ಅದರಿಂದ 500ನ್ನು ಭಾಗಿಸಿದರೆ ಸುಮಾರು 400 ಲೀಟರ್! ವಯಸ್ಕರ ದೇಹದಲ್ಲಿರುವ ನೀರೇ ಸುಮಾರು 40 ಲೀಟರ್. ಹಾಗಾದರೆ ಈ ಕೋಣೆ ನಿಜವಾದ ಜಾಗವಲ್ಲ. ರಕ್ತದಲ್ಲಿ ಉಳಿದದ್ದು ಅಷ್ಟು ಕಡಿಮೆ, ಸ್ನಾಯುಗಳಲ್ಲಿ ಕೂತದ್ದು ಅಷ್ಟು ಹೆಚ್ಚು ಎಂದು ಆ ಅಂಕಿ ಹೇಳುತ್ತದೆ.

ನಮ್ಮ ಹಿರಿಯರ 2.8 ಬಂದದ್ದು ಮೊಣಕೈಗಿಂತ ಮೊದಲು, ಔಷಧಿ ಇನ್ನೂ ಹೃದಯ ಸೇರುತ್ತಿದ್ದಾಗ. ಆ ಅಂಕಿಯನ್ನೇ ನಂಬಿ ಡೋಸ್ ಇಳಿಸಿದರೆ ಅವರಿಗೆ ಬೇಕಾದ ಔಷಧಿಯೇ ಸಿಗದೆ ಹೋದೀತು.

ಆದ್ದರಿಂದ ಡಿಗಾಕ್ಸಿನ್ ಪರೀಕ್ಷೆಗೆ ಮಾತ್ರೆ ನುಂಗುವ ಮೊದಲೇ ರಕ್ತ ಕೊಡಿ, ಇಲ್ಲವೇ ನುಂಗಿ ಕನಿಷ್ಠ 6 ಗಂಟೆ ಕಳೆಯಲಿ. ಎರಡೂ ಹೊತ್ತನ್ನು ಚೀಟಿಯಲ್ಲಿ ಬರೆಸಿ. ವಾಂತಿ, ಹಳದಿ ದೃಷ್ಟಿ ಅಥವಾ ನಾಡಿ ತೀರ ನಿಧಾನವಾದದ್ದು ಕಂಡರೆ ಮಾತ್ರ ಗಂಟೆ ಎಣಿಸುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿ.