ಅಗ್ಗದ ನೂಲಿನ ನಿಜವಾದ ಲೆಕ್ಕ

ಕಚ್ಚಾ ಸಾಮಗ್ರಿಯ ಖರ್ಚು ಅಂದಾಜನ್ನು ಮೀರುವುದಕ್ಕೆ ಎರಡೇ ದಾರಿ: ದರ ಏರಬಹುದು, ಇಲ್ಲವೇ ಬಳಕೆ ಹೆಚ್ಚಬಹುದು. ಪ್ರಮಾಣಿತ ವೆಚ್ಚ ಪದ್ಧತಿ ಇವೆರಡನ್ನೂ ಬೇರೆ ಬೇರೆಯಾಗಿ ಅಳೆಯುತ್ತದೆ. ಮೊದಲನೆಯದು ಬೆಲೆ ವ್ಯತ್ಯಾಸ, ಎರಡನೆಯದು ಬಳಕೆ ವ್ಯತ್ಯಾಸ.

ರೇಷ್ಮೆ ಸೀರೆ ನೇಯುವ ಒಂದು ಘಟಕವಿದೆ ಎಂದುಕೊಳ್ಳೋಣ. ಅಲ್ಲಿ ಒಂದು ಸೀರೆಗೆ 500 ಗ್ರಾಂ ನೂಲು, ಕಿಲೋಗೆ 5,000 ರೂಪಾಯಿ ಎಂದು ಮೊದಲೇ ಗೊತ್ತುಮಾಡಲಾಗಿದೆ. ಸಹಜವಾಗಿ ಆಗುವ ನಷ್ಟವೂ ಆ 500 ಗ್ರಾಂನಲ್ಲಿ ಸೇರಿದೆ. ಒಂದು ತಿಂಗಳು ಘಟಕವು ಹೊಸ ವ್ಯಾಪಾರಿಯಿಂದ ಕಿಲೋಗೆ 4,800 ರೂಪಾಯಿಯಂತೆ 60 ಕಿಲೋ ನೂಲು ಕೊಂಡಿತು. ಅದರಲ್ಲಿ 54 ಕಿಲೋ ಬಳಸಿ 100 ಸೀರೆ ನೇಯಿತು.

ಬೆಲೆ ವ್ಯತ್ಯಾಸವನ್ನು ಸಾಮಾನ್ಯವಾಗಿ ಕೊಂಡ ಪ್ರಮಾಣದ ಮೇಲೆ, ಕೊಂಡಾಗಲೇ ಲೆಕ್ಕ ಹಾಕುತ್ತಾರೆ. ಕಿಲೋಗೆ 200 ರೂಪಾಯಿಯಂತೆ 60 ಕಿಲೋಗೆ ಉಳಿದದ್ದು 12,000 ರೂಪಾಯಿ, ಇದು ಅನುಕೂಲಕರ. 100 ಸೀರೆಗೆ ಬೇಕಿದ್ದುದು 50 ಕಿಲೋ, ಹೆಚ್ಚಾಗಿ ಹೋದದ್ದು 4 ಕಿಲೋ. ಇದನ್ನು ಗೊತ್ತುಮಾಡಿದ 5,000 ರೂಪಾಯಿ ದರದಲ್ಲೇ ಗುಣಿಸಬೇಕು. ಇಲ್ಲದಿದ್ದರೆ ಖರೀದಿಯ ಏರಿಳಿತ ಮಗ್ಗದ ಲೆಕ್ಕಕ್ಕೆ ಬೀಳುತ್ತದೆ. ಹೀಗೆ ಬಳಕೆ ವ್ಯತ್ಯಾಸ 20,000 ರೂಪಾಯಿ, ಪ್ರತಿಕೂಲ.

ಬಳಸಿದ 54 ಕಿಲೋಗೆ ಸೇರಿದ ಉಳಿತಾಯ 10,800 ರೂಪಾಯಿ ಮಾತ್ರ. ಹಾಗಾಗಿ ಆ ಸೀರೆಗಳ ಮೇಲೆ 9,200 ರೂಪಾಯಿ ಹೆಚ್ಚೇ ಖರ್ಚಾಯಿತು. ಎರಡು ಅಂಕಿಗಳನ್ನು ಬಿಡಿಯಾಗಿ ನೋಡಿದರೆ ಖರೀದಿದಾರನಿಗೆ ಶಹಬ್ಬಾಸ್‌ಗಿರಿ, ನೇಕಾರನಿಗೆ ಬೈಗುಳ ಸಿಗುತ್ತದೆ. ಒಟ್ಟಿಗೆ ನೋಡಿದಾಗ ಬೇರೊಂದು ಅನುಮಾನ ಏಳುತ್ತದೆ: ಅಗ್ಗದ ನೂಲು ಸುತ್ತುವಾಗಲೂ ನೇಯುವಾಗಲೂ ಹೆಚ್ಚು ಹರಿದಿರಬಹುದು. ರೇಷ್ಮೆ ತೇವವನ್ನು ಬೇಗ ಹೀರುವುದರಿಂದ, ಕೊಂಡ ತೂಕದಲ್ಲಿ ನೀರಿನ ಪಾಲೂ ಹೆಚ್ಚಿದ್ದಿರಬಹುದು.

ಇದನ್ನು ಖಚಿತಪಡಿಸಲು ಹಳೆಯ ಮತ್ತು ಹೊಸ ನೂಲಿನ ಕಂತುಗಳನ್ನು ಬೇರೆಯಾಗಿ ನೇಯಿಸಿ, ಎಳೆ ಎಷ್ಟು ಸಲ ಹರಿಯಿತೆಂದು ಬರೆದಿಡಬೇಕು, ಉಳಿದ ತುಂಡು ನೂಲನ್ನು ತೂಗಬೇಕು. ಎರಡೂ ಕಂತುಗಳಲ್ಲಿ ನಷ್ಟ ಒಂದೇ ಸಮನಿದ್ದರೆ ತಪ್ಪು ನೂಲಿನದಲ್ಲ. ಮಗ್ಗದ ಹೊಂದಿಕೆ, ಕೈಕೆಲಸ ಅಥವಾ ಕಳವಿನ ಕಡೆ ನೋಡಬೇಕು.

ಅನುಕೂಲಕರ ಎಂಬುದು ಖರ್ಚು ಅಂದಾಜಿಗಿಂತ ಕಡಿಮೆಯಾಯಿತು ಎಂಬುದನ್ನಷ್ಟೇ ಹೇಳುತ್ತದೆ. ಹೊಕ್ಕು ನೂಲನ್ನು ವಿರಳವಾಗಿ ಹಾಕಿದರೂ ಬಳಕೆ ವ್ಯತ್ಯಾಸ ಅನುಕೂಲಕರವಾಗುತ್ತದೆ, ಆದರೆ ಸೀರೆ ಜಾಳಾಗುತ್ತದೆ. ಪ್ರತಿಕೂಲವಾದುದೆಲ್ಲ ತಪ್ಪೂ ಅಲ್ಲ: ಮಾರುಕಟ್ಟೆಯ ದರವೇ ಏರಿದ್ದರೆ ಖರೀದಿದಾರನನ್ನು ದೂರುವಂತಿಲ್ಲ. ತಿಂಗಳು ತಿಂಗಳೂ ವ್ಯತ್ಯಾಸ ಒಂದೇ ಕಡೆಗೆ ವಾಲುತ್ತಿದ್ದರೆ, ಗೊತ್ತುಮಾಡಿದ ದರ ಅಥವಾ ಪ್ರಮಾಣವೇ ಹಳತಾಗಿರುವ ಸಾಧ್ಯತೆಯಿದೆ. ಆಗ ತಿದ್ದಬೇಕಾದುದು ಆ ಅಂದಾಜನ್ನು.